ಇನ್ನೂರ ಹನ್ನೆರಡು ಪರಿಶೀಲನೆಗಳಿಗೆ ಧನ್ಯವಾದ

ಗುರುಮೂರ್ತಿ ಕೂಡ್ಲಿಗಿಯ ಡಿಪ್ಲೊಮಾ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಲ್ಲಿ ಬೋಧಕ. ಊರಿನವರಿಗೆ ಅವನು ಲ್ಯಾಬಿನ ಮೇಷ್ಟ್ರು ಅಷ್ಟೇ. ಆದರೆ ಅವನು ಒಂಬತ್ತು ವರ್ಷದಿಂದ ‘ಪಲ್ಲಟ’ ಎಂಬ ಒಂದು ತಂತ್ರಾಂಶವನ್ನು ಸಾಕಿಕೊಂಡು ಬಂದಿದ್ದ. ಹಳೇ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಕನ್ನಡವನ್ನು ಈಗಿನ ಯೂನಿಕೋಡಿಗೆ ತಿರುಗಿಸುವುದು ಅದರ ಕೆಲಸ. ಶಾಲೆಗಳು, ಪಂಚಾಯಿತಿಗಳು, ಸಣ್ಣ ಪ್ರಕಾಶಕರು ಅದನ್ನು ಬಿಟ್ಟಿಯಾಗಿ ಇಳಿಸಿಕೊಂಡು ಬಳಸುತ್ತಿದ್ದರು. ಅದರ ಕೋಡು ಎಲ್ಲರಿಗೂ ತೆರೆದದ್ದು. ಯಾರು ಬೇಕಾದರೂ ತಿದ್ದಿ, ‘ಇದನ್ನು ಸೇರಿಸಿಕೊಳ್ಳಿ’ ಎಂದು ಪುಲ್ ರಿಕ್ವೆಸ್ಟ್, ಅಂದರೆ ಕೋರಿಕೆ, ಕಳಿಸಬಹುದು. ಇನ್ನೊಬ್ಬರು ಅದನ್ನು ಸಾಲುಸಾಲಾಗಿ ಓದಿ, ಸರಿ ಇದ್ದರೆ ಒಪ್ಪಿಗೆ ಒತ್ತಬೇಕು, ಇಲ್ಲದಿದ್ದರೆ ‘ಬದಲಿಸಿ’ ಎಂದು ತಡೆಯಬೇಕು. ಕೊನೆಗೆ ಅದನ್ನು ಮೂಲಕ್ಕೆ ಸೇರಿಸುವ ಅಧಿಕಾರ ಗುರುಮೂರ್ತಿಯದು.

ಬರೆಯುವವರು ಎಲ್ಲಿಂದಲೋ ಬರುತ್ತಾರೆ. ಬೇರೆಯವರು ಬರೆದದ್ದನ್ನು ಕೂತು ಓದುವವರು ಸಿಗುವುದಿಲ್ಲ. ಅಂಥವಳೊಬ್ಬಳು ಆ ವರ್ಷ ಅವನಿಗೆ ಸಿಕ್ಕಿದ್ದಳು. ಕೊಟ್ಟೂರಿನ ನೂರೀನ. ಅಲ್ಲಿನ ಕಾಲೇಜಿನಲ್ಲಿ ಅವನು ಎರಡು ವರ್ಷದ ಹಿಂದೆ ನಡೆಸಿದ್ದ ಒಂದು ದಿನದ ಕಮ್ಮಟಕ್ಕೆ ಬಂದಿದ್ದವಳು. ಅವಳ ತಂದೆ ರಾಜಾಸಾಬರದು ಬಸ್‌ಸ್ಟ್ಯಾಂಡಿನ ಹತ್ತಿರ ಲಗ್ನಪತ್ರಿಕೆ ಅಚ್ಚುಹಾಕುವ ಅಂಗಡಿ. ಹನ್ನೆರಡು ವರ್ಷದಿಂದ ಅಲ್ಲಿ ಟೈಪಿಂಗ್ ಅವಳೇ ಮಾಡುತ್ತಿದ್ದಳು. ಹಳೇ ಫಾಂಟಿನ ಯಾವ ಕೀಲಿ ಒತ್ತಿದರೆ ಯಾವ ಕೊಂಬು ಬರುತ್ತದೆ, ಎಲ್ಲಿ ಒತ್ತು ಹಾರಿಹೋಗುತ್ತದೆ ಎನ್ನುವುದು ಅವಳ ಬೆರಳಿಗೇ ಗೊತ್ತಿತ್ತು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಪಲ್ಲಟದ ಕೋರಿಕೆಗಳನ್ನು ತೆಗೆದು ಓದುತ್ತಿದ್ದಳು. ಆ ಕಮ್ಮಟದ ನಂತರ ಗುರುಮೂರ್ತಿ ಅವಳನ್ನು ಮತ್ತೆ ಕಂಡಿರಲಿಲ್ಲ. ಮುಖವೂ ಸರಿಯಾಗಿ ನೆನಪಿರಲಿಲ್ಲ.

ಡಿಸೆಂಬರ್ ಕೊನೆಯ ವಾರ, ವಿದ್ಯಾರ್ಥಿಗಳು ಊಟಕ್ಕೆ ಹೋದ ಹೊತ್ತಿನಲ್ಲಿ, ಅವಳಿಗೊಂದು ಧನ್ಯವಾದ ಬರೆಯಬೇಕೆಂದು ಅವನಿಗೆ ಅನ್ನಿಸಿತು. ಬರೀ ‘ಥ್ಯಾಂಕ್ಸ್’ ಎಂದರೆ ಚೆನ್ನಾಗಿರುವುದಿಲ್ಲ, ಲೆಕ್ಕ ಹಾಕಿಯೇ ಹೇಳಬೇಕು ಎಂದುಕೊಂಡು ಹುಡುಕುವ ಪೆಟ್ಟಿಗೆಯಲ್ಲಿ ಅವಳ ಬಳಕೆಯ ಹೆಸರು ಹಾಕಿ, ಜನವರಿಯಿಂದೀಚೆಗೆ ಅವಳು ಪರಿಶೀಲಿಸಿದ ಕೋರಿಕೆಗಳನ್ನು ಸೋಸಿ ನೋಡಿದ. ಇನ್ನೂರ ಹನ್ನೆರಡು. ವರ್ಷದಲ್ಲಿ ಬಂದದ್ದೇ ಇನ್ನೂರ ಅರವತ್ತು ಚಿಲ್ಲರೆ. ಅವನು ಬೆರಗಾದ. ಒಂದೆರಡನ್ನು ತೆರೆದು, ಅವಳ ಟಿಪ್ಪಣಿಗಳು ಉದ್ದವಾಗಿವೆ ಎಂದಷ್ಟೇ ಕಂಡುಕೊಂಡು ಮುಚ್ಚಿದ. ಆಮೇಲೆ ಬರೆಯಲು ಕೂತ.

“ನೂರೀನ ಅವರಿಗೆ,

ಈ ವರ್ಷ ನೀವು ಇನ್ನೂರ ಹನ್ನೆರಡು ಕೋರಿಕೆಗಳನ್ನು ಪರಿಶೀಲಿಸಿದ್ದೀರಿ. ಇದಕ್ಕೆ ಸಂಬಳವಿಲ್ಲ, ಪ್ರಮಾಣಪತ್ರವಿಲ್ಲ. ಕೋಡು ಬರೆದವರ ಹೆಸರು ಎಲ್ಲರಿಗೂ ಕಾಣುತ್ತದೆ, ಓದಿ ತಿದ್ದಿದವರ ಹೆಸರು ಕಾಣುವುದಿಲ್ಲ. ಅದಕ್ಕೇ ಇದನ್ನು ಎಲ್ಲರೆದುರು ಬರೆಯುತ್ತಿದ್ದೇನೆ. ಈ ವರ್ಷ ಪಲ್ಲಟದೊಳಗೆ ಬಂದ ಒಂದೊಂದು ಸಾಲೂ ನಿಮ್ಮ ಕಣ್ಣು ದಾಟಿಯೇ ಬಂದಿದೆ. ನೀವಿಲ್ಲದಿದ್ದರೆ ಪಲ್ಲಟವಿಲ್ಲ.

ಗುರುಮೂರ್ತಿ, ನಿರ್ವಾಹಕ”

ಕೊನೆಯ ಎರಡು ವಾಕ್ಯ ಅವನಿಗೇ ಬಹಳ ಹಿಡಿಸಿದವು. ಯೋಜನೆಯ ಚರ್ಚೆಯ ಪುಟದಲ್ಲಿ ಅದನ್ನು ಹಾಕಿ, ಎಲ್ಲಕ್ಕಿಂತ ಮೇಲೆ ನಿಲ್ಲುವಂತೆ ಪಿನ್ ಮಾಡಿದ. ವಾಟ್ಸಪ್ಪಿನ ನಾಲ್ಕು ಗುಂಪಿಗೂ ಕಳಿಸಿದ. ಸಂಜೆಯೊಳಗೆ ಚಪ್ಪಾಳೆ, ಹೃದಯ, ಕೈಮುಗಿದ ಚಿಹ್ನೆಗಳು ಸಾಲುಗಟ್ಟಿದವು. ಗುಂಪಿನಲ್ಲಿದ್ದ ಒಬ್ಬರು ಜಿಲ್ಲೆಯ ಸಣ್ಣ ಪತ್ರಿಕೆಯವರು. ಮೂರನೇ ದಿನ ಆ ಪತ್ರಿಕೆಯ ಎರಡನೇ ಪುಟದಲ್ಲಿ ಸುದ್ದಿ ಬಂತು: ಕನ್ನಡ ತಂತ್ರಾಂಶದ ಪ್ರತಿ ಸಾಲನ್ನೂ ಕಾದ ಕೊಟ್ಟೂರಿನ ನೂರೀನ. ಜತೆಗೆ ಕಮ್ಮಟದ ಗುಂಪಿನ ಫೋಟೋದಿಂದ ಕತ್ತರಿಸಿದ ಅವಳ ಮುಖ.

ನೂರೀನಳಿಂದ ಮಾತ್ರ ಉತ್ತರ ಬರಲಿಲ್ಲ. ನಾಚಿಕೊಂಡಿರಬೇಕು ಎಂದುಕೊಂಡ.

ಐದನೇ ದಿನ ಅವಳಿಂದ ಒಂದು ಸಂದೇಶ ಬಂತು. ನಮಸ್ಕಾರವಿಲ್ಲ, ಒಕ್ಕಣೆಯಿಲ್ಲ. “ಸರ್, ಆ ಪತ್ರ ತಗದು ಹಾಕ್ರಿ. 318 ಓದ್ರಿ.” ಅಷ್ಟೇ.

318 ಒಂದು ಕೋರಿಕೆಯ ಸಂಖ್ಯೆ. ಗುರುಮೂರ್ತಿ ತೆರೆದ. ತೆರೆದ ಕೂಡಲೇ ನೆನಪಾಯಿತು. ಫೆಬ್ರವರಿಯಲ್ಲಿ ಹೊಸಪೇಟೆಯ ಕ್ರಾಂತಿ ಎಂಬ ಎಂಜಿನಿಯರ್ ಕಳಿಸಿದ್ದು. ಪಲ್ಲಟವನ್ನು ಆರು ಪಟ್ಟು ವೇಗ ಮಾಡುವ ತಿದ್ದುಪಡಿ. ಆಗ ಊರೂರಿನ ಶಾಲೆಗಳು ಹಳೇ ದಾಖಲಾತಿ ರಿಜಿಸ್ಟರುಗಳನ್ನು ಪರಿವರ್ತಿಸಲು ಕಾಯುತ್ತಿದ್ದವು. ಒಂದೊಂದು ಫೈಲಿಗೆ ಹತ್ತು ನಿಮಿಷ ಹಿಡಿಯುತ್ತದೆಂದು ದಿನಾ ಫೋನು. ಕ್ರಾಂತಿಯ ಕೋಡಿಗೆ ಯಂತ್ರ ತಾನಾಗಿಯೇ ನಡೆಸುವ ನಾನೂರ ಹನ್ನೆರಡು ಪರೀಕ್ಷೆಗಳೂ ಹಸಿರಾಗಿದ್ದವು, ಎಂದರೆ ಪಾಸಾಗಿದ್ದವು. ಕೆಂಪಾಗಿದ್ದದ್ದು ಒಂದೇ: ನೂರೀನ ‘ಬದಲಿಸಿ’ ಎಂದು ತಡೆದಿದ್ದಳು.

ಅವನು ಅವಳ ಟಿಪ್ಪಣಿಯನ್ನು ಈಗ ಓದಿದ.

“88ನೇ ಸಾಲು ನೋಡಿ. ಹಳೇ ಫಾಂಟಿನಲ್ಲಿ ಅರ್ಕಾವತ್ತನ್ನು ಅಕ್ಷರದ ನಂತರ ಒತ್ತುತ್ತೇವೆ, ಆದರೆ ಅದರ ಉಚ್ಚಾರ ಅಕ್ಷರಕ್ಕಿಂತ ಮೊದಲು. ಅದನ್ನು ಹಿಂದಕ್ಕೆ ಎಳೆದು ರ್ ಮಾಡುವುದು ನಮ್ಮ ಕೆಲಸ. ಈ ಹೊಸ ಕೋಡು, ಅರ್ಕಾವತ್ತಿನ ಹಿಂದಿನ ಅಕ್ಷರವೂ ರ ಆಗಿದ್ದರೆ, ಟೈಪಿಸ್ಟ್ ತಪ್ಪಿ ಎರಡು ಸಲ ಒತ್ತಿದ್ದಾರೆ ಎಂದು ತಿಳಿದು ಅದನ್ನು ಅಳಿಸುತ್ತದೆ. ಅದು ತಪ್ಪಲ್ಲ. ನಮ್ಮ ಕಡೆ ಯರ್ರಿಸ್ವಾಮಿ, ಯರ್ರೆಮ್ಮ ಅಂತ ಊರಿಗೆ ಹತ್ತು ಜನ ಇದ್ದಾರೆ. ಕೆಲವರು ರ ಕ್ಕೆ ರ ಒತ್ತು ಕೊಟ್ಟು ಟೈಪ್ ಮಾಡುತ್ತಾರೆ, ಅದು ಉಳಿಯುತ್ತದೆ. ಕೆಲವರು ಅರ್ಕಾವತ್ತು ಹಾಕುತ್ತಾರೆ, ಅದು ಹೋಗುತ್ತದೆ. ನಮ್ಮ ಪರೀಕ್ಷೆಗಳಲ್ಲಿ ಇಂಥ ಹೆಸರು ಒಂದೂ ಇಲ್ಲ, ಅದಕ್ಕೇ ಹಸಿರು ತೋರಿಸುತ್ತಿದೆ. ದಯವಿಟ್ಟು ಸೇರಿಸಬೇಡಿ.”

ಅದರ ಕೆಳಗೆ ಕ್ರಾಂತಿಯ ಸಾಲು: ಇದು ಅಪರೂಪದ ಪ್ರಸಂಗ, ಆಮೇಲೆ ನೋಡಿದರಾಯಿತು, ಸರ್ ಸ್ವಲ್ಪ ಬೇಗ. ಅದರ ಕೆಳಗೆ ಬೂದು ಅಕ್ಷರದಲ್ಲಿ ಯಂತ್ರ ಬರೆದಿಟ್ಟ ದಾಖಲೆ: ಗುರುಮೂರ್ತಿ ನೂರೀನಳ ಪರಿಶೀಲನೆಯನ್ನು ವಜಾ ಮಾಡಿದರು. ಕಾರಣ: ‘ಆಮೇಲೆ ನೋಡೋಣ’. ಅದೇ ನಿಮಿಷದಲ್ಲಿ ಮರ್ಜ್, ಅಂದರೆ ಮೂಲಕ್ಕೆ ಸೇರ್ಪಡೆ. ಮರುದಿನ 3.2ನೇ ಆವೃತ್ತಿ ಬಿಡುಗಡೆ.

ಅಷ್ಟಕ್ಕೇ ಮುಗಿದಿರಲಿಲ್ಲ. ವಾರದ ನಂತರ ಅವಳು ತಾನೇ ಒಂದು ಕೋರಿಕೆ ಕಳಿಸಿದ್ದಳು. ಅದರಲ್ಲಿ ಕೋಡಿಲ್ಲ, ಒಂದು ಪರೀಕ್ಷೆ ಮಾತ್ರ: ಇಪ್ಪತ್ತಾರು ಹೆಸರುಗಳು, ಎಲ್ಲದರಲ್ಲೂ ರ್ರ. ಪರೀಕ್ಷೆ ಕೆಂಪಾಗಿತ್ತು. ಕೆಂಪಾಗಲೆಂದೇ, ದೋಷ ಇದೆಯೆಂದು ತೋರಿಸಲೆಂದೇ ಕಳಿಸಿದ್ದು. ಗುರುಮೂರ್ತಿ ಅದನ್ನು ತೆರೆದೇ ಇರಲಿಲ್ಲ. ಅರವತ್ತು ದಿನ ಯಾರೂ ಮುಟ್ಟದ ಕೋರಿಕೆಗಳನ್ನು ಮುಚ್ಚಿಹಾಕಲು ಅವನೇ ತಾನಾಗಿ ಓಡುವ ಒಂದು ಪ್ರೋಗ್ರಾಮು, ಬಾಟ್, ಇಟ್ಟಿದ್ದ. ಏಪ್ರಿಲ್ ಕೊನೆಯಲ್ಲಿ ಆ ಬಾಟ್ ‘ಚಟುವಟಿಕೆ ಇಲ್ಲದ ಕಾರಣ ಮುಚ್ಚಲಾಗಿದೆ, ನಿಮ್ಮ ಕೊಡುಗೆಗೆ ಧನ್ಯವಾದ’ ಎಂದು ಬರೆದು ಮುಚ್ಚಿತ್ತು. ಮುಚ್ಚಿದ ಪುಟದ ಅಡಿಯಲ್ಲಿ ಸೆಪ್ಟೆಂಬರ್ ತಾರೀಖಿನ ಅವಳ ಇನ್ನೊಂದು ಸಾಲು ಇತ್ತು: “ಸರ್, ಇದರಿಂದ ಒಬ್ಬರ ನೌಕರಿ ಹೋಯಿತು.” ಪಲ್ಲಟದಿಂದ ಬರುವ ಇಮೇಲೆಲ್ಲ ತಾನಾಗಿ ಒಂದು ಫೋಲ್ಡರಿಗೆ ಬೀಳುವಂತೆ ಅವನು ಮಾಡಿಕೊಂಡಿದ್ದ. ಆ ಫೋಲ್ಡರಿನಲ್ಲಿ ಈಗ ನಾಲ್ಕು ಸಾವಿರ ಓದದ ಪತ್ರಗಳಿದ್ದವು.

ಅವಳು ಇಷ್ಟಾದ ಮೇಲೂ ಬಿಟ್ಟುಹೋಗಿರಲಿಲ್ಲ. ಸೆಪ್ಟೆಂಬರಿನಿಂದೀಚೆಗೆ ಎಪ್ಪತ್ತು ಕೋರಿಕೆ ಓದಿದ್ದಳು.

ಅವಳ ಪರೀಕ್ಷೆಯನ್ನು ಅವನು ತನ್ನ ಯಂತ್ರದಲ್ಲಿ ನಡೆಸಿ ನೋಡಿದ. ಇಪ್ಪತ್ತಾರಕ್ಕೆ ಇಪ್ಪತ್ತಾರೂ ಕೆಂಪು.

ಮರುದಿನ ಭಾನುವಾರ. ಬೆಳಗಿನ ಬಸ್ಸು ಹಿಡಿದು ಕೊಟ್ಟೂರಿಗೆ ಹೋದ. ಎಲ್ಲಿಗೆಂದು ಹೆಂಡತಿ ಶಿವಗಂಗಾ ಕೇಳಿದ್ದಕ್ಕೆ, “ಒಬ್ಬರಿಗೆ ಥ್ಯಾಂಕ್ಸ್ ಹೇಳೋದೈತಿ” ಎಂದ.

ಅಂಗಡಿ ಕಿರಿದು. ಗೋಡೆಗೆ ಲಗ್ನಪತ್ರಿಕೆಯ ಮಾದರಿಗಳನ್ನು ನೂಲಿನಲ್ಲಿ ಪೋಣಿಸಿ ತೂಗುಹಾಕಿದ್ದರು. ರಾಜಾಸಾಬರು ಕಾಗದ ಕತ್ತರಿಸುತ್ತಿದ್ದವರು ತಲೆಯೆತ್ತಿ, “ಬರ್ರಿ, ಕುಂದರ್ರಿ. ಯಾವ ಕಾರ್ಡು ತೋರಸ್ಲಿ?” ಎಂದರು. ಒಳಗೆ ಕಂಪ್ಯೂಟರಿನ ಮುಂದಿದ್ದ ನೂರೀನ ತಿರುಗಿ ನೋಡಿ, “ಅಬ್ಬಾ, ಅವರು ಕೂಡ್ಲಿಗಿ ಸರ್” ಎಂದು ತಂದೆಗೆ ಹೇಳಿದಳು. ಮುದುಕರು ಕತ್ತರಿ ಕೆಳಗಿಟ್ಟರು. ಚಹಾ ತರಲು ಹೊರಟುಹೋದರು.

“ನಾನು 318 ಓದಿದೆ” ಎಂದ ಗುರುಮೂರ್ತಿ.

“ಓದಿದ್ರಾ.”

“ನೀವು ಹೇಳಿದ್ದು ಖರೇ ಐತಿ. ನಂದು ತಪ್ಪು.”

ಅವಳು ಕುರ್ಚಿಯನ್ನು ಅವನ ಕಡೆ ತಿರುಗಿಸಿದಳು. ಮೂವತ್ತರ ಆಸುಪಾಸಿನ, ಕಣ್ಣಡಿ ಕಪ್ಪಾದ ಹೆಣ್ಣುಮಗಳು. ಸಿಟ್ಟಿರಬಹುದೆಂದು ಅವನು ಹೆದರಿ ಬಂದಿದ್ದ. ಆ ಮುಖದಲ್ಲಿ ಸಿಟ್ಟು ಇರಲಿಲ್ಲ.

“ಆ ಪತ್ರ ಯಾಕ ಬರದ್ರಿ ಸರ್? ಬರಿಯೋಕಿಂತ ಮುಂಚೆ ಒಂದ್ಸಲ ಓದಬಾರದಿತ್ತಾ?”

“ಒಳ್ಳೇದಾಗ್ಲಿ ಅಂತ ಬರದೆ.”

“ಏನಾತು ಹೇಳ್ತೀನಿ ಕೇಳ್ರಿ” ಎಂದಳು ಅವಳು.

ಕೋಗಳಿ ಹತ್ತಿರದ ಯರ್ರಿಸ್ವಾಮಿ ಎಂಬವನು ಆಗಸ್ಟಿನಲ್ಲಿ ಅವಳ ಅಂಗಡಿಗೆ ಬಂದಿದ್ದ. ಹಾಸ್ಟೆಲೊಂದರ ಅಡುಗೆಯವನ ಕಾಯಂ ಹುದ್ದೆಗೆ ಅವನ ಹೆಸರು ಪಟ್ಟಿಯಲ್ಲಿ ಬಂದಿತ್ತು. ಒಂಬತ್ತು ವರ್ಷ ಗುತ್ತಿಗೆಯಲ್ಲಿ ಅದೇ ಕೆಲಸ ಮಾಡಿದವನು. ದಾಖಲೆ ಪರಿಶೀಲನೆಗೆ ತಾನು ಓದಿದ ಶಾಲೆಯಿಂದ ದಾಖಲಾತಿಯ ನಕಲು ತಂದಿದ್ದ. ಅದರಲ್ಲಿ ಅವನ ಹೆಸರು ‘ಯರಿಸ್ವಾಮಿ’ ಎಂದಿತ್ತು, ತಂದೆಯ ಹೆಸರಿನಲ್ಲೂ ಅದೇ ತಪ್ಪು. ಮಿಕ್ಕ ಎಲ್ಲ ಕಾಗದದಲ್ಲೂ ಯರ್ರಿಸ್ವಾಮಿ. ಎರಡೂ ಹೆಸರು ಒಬ್ಬನದೇ ಎಂದು ಪ್ರಮಾಣಪತ್ರ ಟೈಪ್ ಮಾಡಿಸಲು ಬಂದಿದ್ದ. ನಕಲಿನ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ‘ಪಲ್ಲಟ 3.2ರಿಂದ ಪರಿವರ್ತಿತ’ ಎಂದಿತ್ತು. ನೂರೀನ ಕಂಡ ಕೂಡಲೇ ತಿಳಿದುಕೊಂಡಳು.

“ಟೈಪ್ ಮಾಡಿಕೊಟ್ಟೆ. ಶಾಲಿಗೆ ಹೋಗಿ ಹಳೇ ಫೈಲು ತಗಸ್ರಿ ಅಂದೆ. ಹಳೇ ಕಂಪ್ಯೂಟರು ಗುಜರಿಗೆ ಹಾಕ್ಯಾರಂತ, ಕೈಬರದ ರಿಜಿಸ್ಟರು ಗೆದ್ದಲು ಹಿಡದು ಯಾವಾಗ್ಲೋ ಹೋಗೈತಂತ. ಅವ್ರ ಹತ್ರ ಉಳದಿರೋದು ನಮ್ಮ ಪಲ್ಲಟ ಕೊಟ್ಟಿದ್ದೇ. ಆಫೀಸಿನಾಗ ಮೂಲ ದಾಖಲಿ ತಾ ಅಂದ್ರು, ಹುಡುಕ್ಯಾಡೋ ಹೊತ್ತಿಗೆ ಗಡುವು ಮುಗೀತು. ಪಟ್ಟಿಯಾಗ ಮುಂದಿನವ್ರನ್ನ ಕರದ್ರು.”

“ಆವಾಗ ಅವ್ರಿಗೆ ನೀವು ಏನಂದ್ರಿ?”

“ಕಂಪ್ಯೂಟರಿಂದು ತಪ್ಪು ಅಂದೆ. ಪಾಪ, ನಂಬಿದ್ರು. ಈಗ ಪೇಪರಿನಾಗ ನನ್ನ ಫೋಟೋ ನೋಡ್ಯಾರ. ಪಲ್ಲಟ ಅನ್ನೋ ಹೆಸರು ಅವ್ರು ಮರೀತಾರಾ? ಗುರುವಾರ ಪೇಪರು ಹಿಡ್ಕಂಡು ಬಂದ್ರು. ‘ಅಕ್ಕಾರ, ಒಂದೊಂದು ಸಾಲೂ ನಿಮ್ಮ ಕಣ್ಣು ದಾಟೇ ಬಂದೈತಂತ. ನನ್ನ ಹೆಸರಿನ ಸಾಲೂ ದಾಟಿತ್ತೇನ್ರಿ?’ ಅಂದ್ರು. ಬೈಲಿಲ್ಲ ಸರ್. ಬೈದಿದ್ರ ಚಲೋ ಇತ್ತು.”

“ನೀವು ತಡದಿದ್ದು ಹೇಳಬೇಕಿತ್ತು. ಮೇಷ್ಟ್ರು ಕೇಳ್ಲಿಲ್ಲ ಅನ್ನಬೇಕಿತ್ತು.”

“ಯಾರಿಗೆ? ವಜಾ, ಮರ್ಜ್ ಅಂದ್ರ ಅವ್ರಿಗೆ ಏನು ತಿಳೀತೈತಿ? ನಿಮ್ಮ ಮ್ಯಾಲೆ ಹಾಕಿ ತಪ್ಪಿಸ್ಕಂತಾಳ ಅಂತಿದ್ರು. ನೀವೇ ಬರದಿದ್ರಲ್ಲ, ಎಲ್ಲಾ ನಾನೇ ನೋಡೀನಿ ಅಂತ.”

ರಾಜಾಸಾಬರು ಚಹಾ ತಂದಿಟ್ಟರು. ಗುರುಮೂರ್ತಿ ಲೋಟ ಹಿಡಿದುಕೊಂಡೇ ಕೂತ. “ಇಷ್ಟೆಲ್ಲ ಆದಮ್ಯಾಗೂ ಎಪ್ಪತ್ತು ರಿವ್ಯೂ ಮಾಡೀರಿ. ಯಾಕ?” ಎಂದು ಕೇಳಿದ.

“ಇನ್ನೊಂದು ಇಂಥಾದ್ದು ಒಳಗ ಹೋಗಬಾರ್ದು ಅಂತ. ಮತ್ತ... ನೀವು ಒಂದಿನಾ ಓದ್ತೀರಿ ಅಂತ ಇತ್ತು. ನಾನು ಬರಿಯೋದು ಯಾರೋ ಓದ್ತಾರ ಅನ್ಕಂಡೇ ಬರೀತಿದ್ದೆ. ಪತ್ರ ನೋಡಿದಾಗ ಗೊತ್ತಾತು. ನೀವು ಬರೇ ಎಣಿಸೀರಿ.”

ಪತ್ರ ತಿದ್ದುತ್ತೇನೆ, ಪತ್ರಿಕೆಗೂ ಹೇಳುತ್ತೇನೆ, ದೋಷ ಇವತ್ತೇ ಸರಿಮಾಡುತ್ತೇನೆ ಎಂದ ಗುರುಮೂರ್ತಿ. ಅವಳು ಎಲ್ಲಕ್ಕೂ ತಲೆಯಾಡಿಸಿದಳು. ಅಂಗಡಿಗೆ ಯಾರೋ ನಾಮಕರಣದ ಕಾರ್ಡಿಗೆಂದು ಬಂದರು. ಅವಳು ಕೆಲಸಕ್ಕೆ ತಿರುಗಿಕೊಂಡಳು. ರಾಜಾಸಾಬರು ಬಾಗಿಲ ತನಕ ಬಂದು, “ಚಾಕು ಕತ್ರಿ ಹಿಡಿಯೋ ಕೆಲಸದಾಗ ನಾವು ನಿಮ್ಮ ಆ ಪತ್ರಕ್ಕ ಹೆದರಿದಷ್ಟು ಹೆದರೋದಿಲ್ರಿ ಸಾಹೇಬ್ರ” ಎಂದರು. “ಆಕಿ ಮೂರು ದಿನದಿಂದ ಸರಿಯಾಗಿ ಉಂಡಿಲ್ಲ.”

ಮನೆಗೆ ಬಂದವನೇ ಗುರುಮೂರ್ತಿ 88ನೇ ಸಾಲು ತೆಗೆದುಹಾಕಿದ. ತಿದ್ದಲು ಹಿಡಿದದ್ದು ಹನ್ನೊಂದು ನಿಮಿಷ. ನೂರೀನಳ ಇಪ್ಪತ್ತಾರು ಹೆಸರಿನ ಪರೀಕ್ಷೆಯನ್ನು ಅವಳ ಹೆಸರಿನಲ್ಲೇ ಸೇರಿಸಿದ. ಎಲ್ಲವೂ ಹಸಿರಾದವು. 3.6.1 ಎಂದು ಬಿಡುಗಡೆ ಮಾಡಿ, ‘3.2ರಿಂದ 3.6ರವರೆಗೆ ಪರಿವರ್ತಿಸಿದ ದಾಖಲೆಗಳಲ್ಲಿ ರ್ರ ಇರುವ ಹೆಸರು ತಪ್ಪಾಗಿರಬಹುದು, ಹಳೇ ಫೈಲಿನಿಂದ ಮತ್ತೆ ಪರಿವರ್ತಿಸಿ’ ಎಂದು ಸೂಚನೆ ಬರೆದ. ಆಮೇಲೆ ಧನ್ಯವಾದದ ಪತ್ರವನ್ನು ತೆರೆದು, ಆ ಎರಡು ವಾಕ್ಯಗಳನ್ನು ಅಳಿಸಿ ಹೀಗೆ ಬರೆದ:

“ಇನ್ನೂರ ಹನ್ನೆರಡರಲ್ಲಿ ಒಂದನ್ನು ನೂರೀನ ತಡೆದಿದ್ದರು. ಕಾರಣವನ್ನೂ ಬಿಡಿಸಿ ಬರೆದಿದ್ದರು. ನಾನು ಓದದೆ ಅವರ ತಡೆಯನ್ನು ತೆಗೆದು ಸೇರಿಸಿದೆ. ಅದರಿಂದ ಜನರ ಹೆಸರು ಕೆಟ್ಟಿವೆ, ಒಬ್ಬರ ನೌಕರಿ ಹೋಗಿದೆ. ಹೊಣೆ ನನ್ನದು, ಅವರದಲ್ಲ. ಅವರಿಗೆ ಕೊಡಬೇಕಾಗಿದ್ದ ಧನ್ಯವಾದ, ಅವರು ಬರೆದದ್ದನ್ನು ಫೆಬ್ರವರಿಯಲ್ಲಿ ಓದುವುದಾಗಿತ್ತು.”

ಅದೇ ನಾಲ್ಕು ಗುಂಪಿಗೂ ಕಳಿಸಿದ. ಇಬ್ಬರು ಕೈಮುಗಿದ ಚಿಹ್ನೆ ಹಾಕಿದರು, ಬಹುಶಃ ಓದದೆಯೇ. ಒಬ್ಬರು ‘ಅಭಿನಂದನೆಗಳು ಮೇಡಂ’ ಎಂದು ಬರೆದರು. ಪತ್ರಿಕೆಯವರು ಫೋನಿನಲ್ಲಿ, “ಅದು ಪಾಸಿಟಿವ್ ಸುದ್ದಿ ಸರ್, ಜನ ಓದ್ಯಾರ, ಬಿಡ್ರಿ. ಈಗ ತಿದ್ದಿದ್ರ ಆ ಹೆಣ್ಣುಮಗಳಿಗೇ ಹೆಸರು ಕೆಡ್ತೈತಿ” ಎಂದರು.

ಸೂಚನೆ ಕಂಡು ನಾಲ್ಕು ಶಾಲೆಗಳು ಕೇಳಿದವು. ಮೂರರಲ್ಲಿ ಹಳೇ ಫೈಲುಗಳೇ ಇರಲಿಲ್ಲ. ಹೊಸದು ಬಂದ ಮೇಲೆ ಅಳಿಸಿಹಾಕಿದ್ದರು. ಅವುಗಳಲ್ಲೊಂದಾದ ಹಡಗಲಿ ಕಡೆಯ ಶಾಲೆಯ ಗುಮಾಸ್ತ, ಬೇರೆ ಊರಿಗೆ ವರ್ಗವಾಗಿ ಹೊರಟಿದ್ದವನು, “ಯಾವ ಹೆಸರು ತಪ್ಪು ಅಂತ ನಿಮ್ಮ ಸಾಫ್ಟ್‌ವೇರೇ ಹೇಳ್ತೈತೇನ್ರಿ?” ಎಂದು ಕೇಳಿದ. ಹೇಳುವುದಿಲ್ಲ. ಅಳಿಸಿದ ಮೇಲೆ ಅಲ್ಲಿ ಏನಿತ್ತು ಎನ್ನುವುದಕ್ಕೆ ಗುರುತೇ ಉಳಿಯುವುದಿಲ್ಲ. ಯರಿಸ್ವಾಮಿ ಎಂದೇ ಹುಟ್ಟಿದವನೂ ಒಬ್ಬ ಇರಬಹುದು.

ಯರ್ರಿಸ್ವಾಮಿಯ ನಂಬರನ್ನು ರಾಜಾಸಾಬರಿಂದ ಪಡೆದು ಗುರುಮೂರ್ತಿ ಫೋನು ಮಾಡಿದ. ತಾನು ಯಾರು, ಏನಾಯಿತು ಎಂದು ಹೇಳಿ, ತಪ್ಪು ತನ್ನದು, ನೂರೀನ ತಡೆದಿದ್ದಳು, ಬೇಕಾದರೆ ಕಾಲೇಜಿನ ಕಾಗದದಲ್ಲಿ ಬರೆದು ಸಹಿ ಮಾಡಿಕೊಡುತ್ತೇನೆ ಎಂದ. ಆ ಕಡೆ ಪಾತ್ರೆ ತಿಕ್ಕುವ ಸದ್ದು ಬರುತ್ತಿತ್ತು.

“ಆ ಜಾಗಕ್ಕ ಬ್ಯಾರೆಯವ್ರು ಬಂದು ಮೂರು ತಿಂಗಳಾತ್ರಿ” ಎಂದ ಯರ್ರಿಸ್ವಾಮಿ. “ಅವ್ರೂ ಮಕ್ಳೊಂದಿಗರು. ಕಾಗದ ಯಾರಿಗೆ ಕೊಡ್ಲಿ?”

“ಮೇಲಿನ ಆಫೀಸಿಗೆ ಕೊಡಬಹುದು.”

“ಕೊಟ್ಟೀನ್ರಿ. ಮೂರು ಸಲ. ಸಾಫ್ಟ್‌ವೇರು ತಪ್ಪು ಮಾಡ್ತೈತಿ ಅಂದ್ರ ನಕ್ರು.” ಆಮೇಲೆ, “ಅಕ್ಕಾರಿಗೆ ಹೇಳ್ರಿ, ನಂದೇನೂ ಇಲ್ಲ ಅಂತ. ಅವತ್ತು ಹಂಗ ಕೇಳಬಾರದಿತ್ತು” ಎಂದ.

ಗುರುಮೂರ್ತಿ ಅದನ್ನು ನೂರೀನಳಿಗೆ ಬರೆದು ಕಳಿಸಿದ. ಸಂದೇಶಕ್ಕೆ ಎರಡು ನೀಲಿ ಗೆರೆ ಬಿದ್ದವು, ಉತ್ತರ ಬರಲಿಲ್ಲ. ಜನವರಿ ಹತ್ತಕ್ಕೆ ಸದಸ್ಯರ ಪಟ್ಟಿ ತೆರೆದಾಗ ಅವಳ ಹೆಸರು ಇರಲಿಲ್ಲ. ತಾನಾಗಿಯೇ ಹೊರಬಿದ್ದಿದ್ದಳು. ಅದಕ್ಕೂ ಮೊದಲು, ತನ್ನ ಪಾಲಿಗೆ ಬಂದಿದ್ದ ಒಂಬತ್ತು ಕೋರಿಕೆಗಳನ್ನು ಓದಿ, ಐದಕ್ಕೆ ಒಪ್ಪಿಗೆ ಕೊಟ್ಟು, ನಾಲ್ಕಕ್ಕೆ ಎಲ್ಲಿ ತಪ್ಪಿದೆಯೆಂದು ಸಾಲಿನ ಸಂಖ್ಯೆ ಸಹಿತ ಬರೆದಿಟ್ಟೇ ಹೋಗಿದ್ದಳು.

ಗುರುಮೂರ್ತಿ ಆ ಒಂಬತ್ತನ್ನೂ ಒಂದಕ್ಷರ ಬಿಡದೆ ಓದಿದ. ಪರಿಶೀಲಕರು ಬೇಕಾಗಿದ್ದಾರೆ ಎಂದು ಪುಟದಲ್ಲಿ ಹಾಕಿದ. ಇಬ್ಬರು ಬಂದರು. ಒಬ್ಬರು ಯಾವುದನ್ನೂ ತೆರೆಯದೆ ಎಲ್ಲಕ್ಕೂ ಒಪ್ಪಿಗೆ ಒತ್ತುತ್ತಿದ್ದರು, ಇನ್ನೊಬ್ಬರು ವಾರದಲ್ಲೇ ಕಾಣೆಯಾದರು. ಬಾಟನ್ನು ಅವನು ಕಿತ್ತುಹಾಕಿದ್ದ, ಹಾಗಾಗಿ ಈಗ ಯಾವ ಕೋರಿಕೆಯೂ ತಾನಾಗಿ ಮುಚ್ಚಿಕೊಳ್ಳುತ್ತಿರಲಿಲ್ಲ. ಫೆಬ್ರವರಿ ಕೊನೆಗೆ ನಲವತ್ತಮೂರು ನಿಂತಿದ್ದವು.

ಒಂದು ಮಧ್ಯಾಹ್ನ ಲ್ಯಾಬಿನಲ್ಲಿ ಅವನೇ ಒಂದನ್ನು ತೆಗೆದುಕೊಂಡು ಕೂತ. ಹರಪನಹಳ್ಳಿಯ ಹೊನ್ನೂರಸ್ವಾಮಿ ಎಂಬವರು ಕಳಿಸಿದ್ದು, ಹಳೇ ಫಾಂಟಿನ ದೀರ್ಘದ ಗುರುತಿನ ಬಗ್ಗೆ. ನಲವತ್ತು ನಿಮಿಷ ಓದಿದ. ಪರೀಕ್ಷೆಗಳೆಲ್ಲ ಹಸಿರಾಗಿದ್ದವು. ಕೋಡು ಅರ್ಥವಾಗುತ್ತಿತ್ತು, ಬರೆದವರು ಜಾಣರು. ಆದರೆ ಆ ಕೀಲಿಯನ್ನು ನಿಜಕ್ಕೂ ಒತ್ತುವವರು ಅದನ್ನು ಹೇಗೆ ಒತ್ತುತ್ತಾರೆ, ಯಾರ ಹೆಸರು ಎಲ್ಲಿ ಬಿರುಕು ಬಿಡುತ್ತದೆ ಎನ್ನುವುದು ಅವನಿಗೆ ತಿಳಿಯದು. ಒಪ್ಪಿಗೆಯ ಗುಂಡಿಯ ಮೇಲೆ ಮೌಸಿನ ಬಾಣವಿಟ್ಟು ತೆಗೆದ. ಮತ್ತೆ ಇಟ್ಟು ತೆಗೆದ.

ಅಷ್ಟರಲ್ಲಿ ಹೊನ್ನೂರಸ್ವಾಮಿಯವರೇ ಕೆಳಗೆ ಬರೆದರು: “ಸರ್, ಮೂರು ವಾರ ಆಯಿತು. ಇದನ್ನು ನೋಡುವವರು ಯಾರಾದರೂ ಇದ್ದಾರಾ?”

ಗುರುಮೂರ್ತಿ ‘ಇದ್ದಾರೆ’ ಎಂದು ಟೈಪ್ ಮಾಡಿದ. ಅಳಿಸಿದ. ಎರಡು ಗಂಟೆಯ ಬ್ಯಾಚಿನ ವಿದ್ಯಾರ್ಥಿಗಳು ಬಾಗಿಲ ಹೊರಗೆ ಚಪ್ಪಲಿ ಬಿಡುವ ಸದ್ದು ಕೇಳಿ, ಪುಟವನ್ನು ಹಾಗೇ ಬಿಟ್ಟು ಎದ್ದು ಹೋಗಿ ಬಾಗಿಲು ತೆಗೆದ.